ಮೊರದಲ್ಲಿ ಕಂಡ ಬೇರೆ ಕಾಳು: ‘ಪ್ಲಾಸ್ಟಿಕ್ ಅಕ್ಕಿ’ಯ ಸುದ್ದಿ ಮತ್ತು ಅದರ ಪರೀಕ್ಷೆ

ಇವತ್ತಿನ ಮಾತಿಗೆ ನಾನು ಆರಿಸಿಕೊಂಡಿರುವುದು ಮೊಬೈಲಿನಿಂದ ಮೊಬೈಲಿಗೆ ದಾಟಿ ಬರುವ ಒಂದು ಸಣ್ಣ ಸಂದೇಶವನ್ನು. ಪಡಿತರದ ಚೀಲದಲ್ಲಿ ಪ್ಲಾಸ್ಟಿಕ್ ಅಕ್ಕಿ ಬೆರೆಸಿದ್ದಾರೆ, ನೀರಿಗೆ ಹಾಕಿದರೆ ತೇಲುತ್ತದೆ, ಬೆಂಕಿಗೆ ಹಿಡಿದರೆ ಉರಿಯುತ್ತದೆ, ಅನ್ನವನ್ನು ಉಂಡೆ ಕಟ್ಟಿ ನೆಲಕ್ಕೆಸೆದರೆ ಪುಟಿಯುತ್ತದೆ, ಮಕ್ಕಳಿಗೆ ತಿನ್ನಿಸಬೇಡಿ, ಎಲ್ಲರಿಗೂ ಕಳಿಸಿ ಎಂಬುದು ಅದರ ಸಾರಾಂಶ. ತೆಲುಗಿನಲ್ಲಿ ಅದು ‘ಪ್ಲಾಸ್ಟಿಕ್ ಬಿಯ್ಯಂ’ ಎಂದು ಓಡಾಡುತ್ತದೆ, ಕನ್ನಡದಲ್ಲಿ ‘ಪ್ಲಾಸ್ಟಿಕ್ ಅಕ್ಕಿ’ ಎಂದು. ಇದನ್ನು ನಂಬಿದವರನ್ನು ತಿಳಿಗೇಡಿಗಳೆಂದು ಜರೆದರೆ ಸುದ್ದಿ ಸಾಯುವುದಿಲ್ಲ. ಕಾರಣವಿಷ್ಟೆ: ಅವರ ಕಣ್ಣಿಗೆ ಕಂಡದ್ದು ಸುಳ್ಳಲ್ಲ. ಮೊರದಲ್ಲಿ ಅಕ್ಕಿ ಹರವಿದಾಗ ಉಳಿದ ಕಾಳಿನಂತಿಲ್ಲದ ಕಾಳುಗಳು ಅಲ್ಲಲ್ಲಿ ನಿಜಕ್ಕೂ ಇದ್ದವು. ಕಂಡದ್ದು ನಿಜ, ಅದರಿಂದ ತೆಗೆದ ತೀರ್ಮಾನ ತಪ್ಪು. ಆ ತೀರ್ಮಾನಕ್ಕೆ ಒಯ್ದ ಮನೆ ಪರೀಕ್ಷೆಗಳು ಅದಕ್ಕಿಂತ ಹೆಚ್ಚು ತಪ್ಪು. ಈ ಗದ್ದಲದಲ್ಲಿ ಆ ಕಾಳಿನ ಬಗ್ಗೆ ಕೇಳಲೇಬೇಕಾಗಿದ್ದ ನಿಜವಾದ ಪ್ರಶ್ನೆಗಳು ಕೇಳಿಸದೆ ಹೋದವು. ನನ್ನ ವಾದ ಇಷ್ಟು.

ಸುದ್ದಿಯ ಹುಟ್ಟು ನಮ್ಮ ನಾಡಿನದಲ್ಲ. 2010ರಲ್ಲಿ ಚೀನಾದ ಸರ್ಕಾರಿ ದೂರದರ್ಶನ ಒಂದು ಮೋಸವನ್ನು ಬಯಲಿಗೆಳೆಯಿತು. ಈಶಾನ್ಯ ಚೀನಾದ ವೂಚಾಂಗ್ ಎಂಬಲ್ಲಿ ಬೆಳೆಯುವ ಸುವಾಸನೆಯ ಅಕ್ಕಿಗೆ ಬೆಲೆ ಹೆಚ್ಚು. ವ್ಯಾಪಾರಿಗಳು ಸಾಮಾನ್ಯ ಅಕ್ಕಿಗೆ ಸುಗಂಧದ್ರವ್ಯ ಹಾಕಿ ಆ ಹೆಸರಿನಲ್ಲಿ ಮಾರುತ್ತಿದ್ದರು. ಅದು ನಿಜವಾದ ಕಲಬೆರಕೆ, ಆದರೆ ಅದರಲ್ಲಿ ಪ್ಲಾಸ್ಟಿಕ್ಕಿನ ಸುಳಿವೂ ಇರಲಿಲ್ಲ. ಮರುವರ್ಷ ಆಲೂಗಡ್ಡೆ, ಗೆಣಸಿನ ಹಿಟ್ಟಿಗೆ ಕೃತಕ ರಾಳ ಬೆರೆಸಿ ಅಕ್ಕಿ ಮಾಡುತ್ತಾರಂತೆ ಎಂಬ ವರದಿ ಪೂರ್ವ ಏಷ್ಯಾದ ಪತ್ರಿಕೆಗಳಲ್ಲಿ ಬಂತು. ಅಲ್ಲಿಂದ ಕತೆ ದೇಶ ದೇಶ ಸುತ್ತಿತು. 2016ರ ಡಿಸೆಂಬರಿನಲ್ಲಿ ನೈಜೀರಿಯದ ಸುಂಕದ ಅಧಿಕಾರಿಗಳು ಲಾಗೋಸಿನಲ್ಲಿ 102 ಚೀಲ ಅಕ್ಕಿಯನ್ನು ಹಿಡಿದು, ಇದು ಪ್ಲಾಸ್ಟಿಕ್ ಅಕ್ಕಿ ಎಂದು ಸಾರಿದರು. ಆ ದೇಶದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಪರೀಕ್ಷೆ ಮಾಡಿದಾಗ ಪ್ಲಾಸ್ಟಿಕ್ ಸಿಗಲಿಲ್ಲ. ಸಿಕ್ಕಿದ್ದು ಮಿತಿ ಮೀರಿದ ಬ್ಯಾಕ್ಟೀರಿಯಾ. ಆ ಅಕ್ಕಿ ತಿನ್ನಲು ಯೋಗ್ಯವಾಗಿರಲಿಲ್ಲ ಎಂಬುದು ಸತ್ಯ, ಆದರೆ ಕಾರಣ ಬೇರೆ. ಜಗತ್ತಿಗೆ ನೆನಪಿನಲ್ಲಿ ಉಳಿದದ್ದು ಮೊದಲ ಘೋಷಣೆ, ಪ್ರಯೋಗಾಲಯದ ವರದಿಯಲ್ಲ. ಆರು ತಿಂಗಳೊಳಗೆ, 2017ರ ಜೂನ್ ಹೊತ್ತಿಗೆ, ಹೈದರಾಬಾದಿನಿಂದ ಆಂಧ್ರದ ಕರಾವಳಿಯವರೆಗೆ, ಕರ್ನಾಟಕದ ಬಯಲುಸೀಮೆಯಿಂದ ಉತ್ತರಾಖಂಡದವರೆಗೆ ಅದೇ ಮಾತು, ಅದೇ ವಿಡಿಯೊ. ಸರ್ಕಾರಗಳು ಮಾದರಿ ತೆಗೆದು ಪರೀಕ್ಷೆಗೆ ಕಳಿಸಿದವು. ಅವುಗಳಲ್ಲಿ ಪ್ಲಾಸ್ಟಿಕ್ ಕಾಣಲಿಲ್ಲ.

ಅಲ್ಲಿಗೆ ಸುದ್ದಿ ತಣ್ಣಗಾಗಬೇಕಿತ್ತು. ಆಗಲಿಲ್ಲ. ನಾಲ್ಕೈದು ವರ್ಷಗಳಲ್ಲಿ ಸರ್ಕಾರದ ಅಕ್ಕಿಯೇ ಬದಲಾಯಿತು. 2021ರ ಆಗಸ್ಟ್ 15ರಂದು ಕೆಂಪುಕೋಟೆಯಿಂದ ಪ್ರಧಾನಿಗಳು, 2024ರೊಳಗೆ ಸರ್ಕಾರದ ಯೋಜನೆಗಳ ಅಕ್ಕಿಯೆಲ್ಲ ಸಾರವರ್ಧಿತವಾಗಿರುತ್ತದೆ ಎಂದು ಸಾರಿದರು. 2022ರ ಏಪ್ರಿಲಿನಲ್ಲಿ ಕೇಂದ್ರ ಸಂಪುಟ ಅದಕ್ಕೆ ಹಂತಗಳನ್ನು ಗೊತ್ತು ಮಾಡಿತು. ಮೊದಲು ಅಂಗನವಾಡಿ ಮತ್ತು ಶಾಲೆಯ ಬಿಸಿಯೂಟ, ಆಮೇಲೆ ಹಿಂದುಳಿದ ಜಿಲ್ಲೆಗಳ ಪಡಿತರ, ಕೊನೆಗೆ ಉಳಿದ ಜಿಲ್ಲೆಗಳು. ಆಂಧ್ರದಲ್ಲಿ ಕೇಂದ್ರದ ಮಹತ್ವಾಕಾಂಕ್ಷಿ ಜಿಲ್ಲೆಗಳೆಂದು ಗುರುತಾಗಿದ್ದವು ಮೂರು: ವಿಶಾಖಪಟ್ಟಣ, ವಿಜಯನಗರಂ ಮತ್ತು ಕಡಪ. ವಿಶಾಖಪಟ್ಟಣವೆಂದಾಗ ಕಡಲ ತೀರದ ನಗರವನ್ನಷ್ಟೇ ನೆನೆಯಬಾರದು. ಪಾಡೇರು, ಅರಕುಗಳ ಗಿರಿಜನರ ಬೆಟ್ಟಸೀಮೆ 2022ರ ವಿಂಗಡಣೆಗೆ ಮುಂಚೆ ಇದೇ ಜಿಲ್ಲೆಯಲ್ಲಿತ್ತು. ಹೀಗೆ 2017ರಲ್ಲಿ ಪ್ಲಾಸ್ಟಿಕ್ ಅಕ್ಕಿಯ ಮಾತು ಕೇಳಿ ಭಯವನ್ನು ಮನಸ್ಸಿನ ಮೂಲೆಯಲ್ಲಿ ಇಟ್ಟುಕೊಂಡಿದ್ದ ಮನೆಗೆ, ಕೆಲವೇ ವರ್ಷಗಳ ಮೇಲೆ, ನಿಜವಾಗಿಯೂ ಬೇರೆ ಬಗೆಯ ಕಾಳು ಬಂದು ಸೇರಿತು. ಹಳೆಯ ಸುದ್ದಿಗೆ ಹೊಸ ಸಾಕ್ಷಿ ಸಿಕ್ಕಿತು. ಆ ಕಾಳು ಏನೆಂದು ಚೀಲ ಬರುವ ಮೊದಲೇ ಯಾರೂ ಮನೆಗೆ ಹೋಗಿ ಹೇಳಿರಲಿಲ್ಲ ಎಂಬ ಆರೋಪವನ್ನು ನಾನು ಒಪ್ಪುತ್ತೇನೆ. ಜನರ ತಟ್ಟೆಗೆ ಹೊಸದನ್ನು ಹಾಕುವವರು ಮೊದಲು ಜನರಿಗೆ ತಿಳಿಸಬೇಕು.

ಹಾಗಾದರೆ ಆ ಕಾಳು ಏನು? ನುಚ್ಚಕ್ಕಿಯನ್ನು ಹಿಟ್ಟು ಮಾಡುತ್ತಾರೆ. ಅದಕ್ಕೆ ಕಬ್ಬಿಣದ ಒಂದು ಲವಣ, ಫೋಲಿಕ್ ಆಮ್ಲ ಮತ್ತು ಬಿ-12 ಜೀವಸತ್ವದ ಪುಡಿ ಬೆರೆಸಿ, ನೀರು ಹಾಕಿ, ಬಿಸಿಯಲ್ಲಿ ನಾದಿ, ಅಚ್ಚಿನ ತೂತುಗಳಿಂದ ಒತ್ತಿ ಹೊರತೆಗೆಯುತ್ತಾರೆ. ಹೊರಬಂದ ಎಳೆಯನ್ನು ತಿರುಗುವ ಅಲಗು ಅಕ್ಕಿಕಾಳಿನ ಉದ್ದಕ್ಕೆ ಕತ್ತರಿಸುತ್ತದೆ, ಆಮೇಲೆ ಒಣಗಿಸುತ್ತಾರೆ. ನಮ್ಮ ಶ್ಯಾವಿಗೆ ಒರಳಿನ ಕೆಲಸವೇ ಇದು, ಯಂತ್ರ ದೊಡ್ಡದು ಅಷ್ಟೆ. ಗದ್ದೆಯಲ್ಲಿ ಬೆಳೆದ ಕಾಳಿಗೆ ಮೊಳಕೆಯಿದ್ದ ಕಡೆ ಸಣ್ಣ ಕಚ್ಚು ಇರುತ್ತದೆ, ಅಚ್ಚಿನಿಂದ ಬಂದ ಕಾಳಿಗೆ ಅದಿಲ್ಲ. ಬಣ್ಣ ತುಸು ಮಂಕು ಅಥವಾ ಹಳದಿ, ಮೈ ನುಣುಪು, ಒಂದೇ ಅಳತೆ. ಇದನ್ನು ಕಂಡು ‘ಇದು ಮಾಡಿದ ಅಕ್ಕಿ, ಬೆಳೆದದ್ದಲ್ಲ’ ಎಂದ ಗೃಹಿಣಿಯ ಕಣ್ಣು ಸರಿಯಾಗಿಯೇ ನೋಡಿತು. ಆದರೆ ಮಾಡಿದ ಕಾಳೆಲ್ಲ ಪ್ಲಾಸ್ಟಿಕ್ ಆಗುವುದಿಲ್ಲ. ಏಕಾದಶಿಯ ದಿನ ನಾವು ನೆನೆಹಾಕುವ ಸಬ್ಬಕ್ಕಿ ಯಾವ ಗದ್ದೆಯಲ್ಲೂ ಬೆಳೆಯುವುದಿಲ್ಲ. ಮರಗೆಣಸಿನ ಹಿಟ್ಟನ್ನು ಗುಂಡಾಗಿಸಿ ಹುರಿದು ಒಣಗಿಸಿದ ಕಾಳು ಅದು, ವಿಶಾಖಪಟ್ಟಣ ಮತ್ತು ವಿಜಯವಾಡಗಳ ನಡುವಿನ ಸಾಮರ್ಲಕೋಟ, ಪೆದ್ದಾಪುರಂ ಸುತ್ತಿನ ಕಾರ್ಖಾನೆಗಳಲ್ಲಿ ತಯಾರಾಗುತ್ತದೆ. ಕನ್ನಡದಲ್ಲಿ ಅದರ ಹೆಸರಿನಲ್ಲೇ ಅಕ್ಕಿ ಇದೆ, ತೆಲುಗಿನ ಸಗ್ಗುಬಿಯ್ಯಂನಲ್ಲೂ ಬಿಯ್ಯಂ ಇದೆ. ಅದನ್ನು ಯಾರೂ ಪ್ಲಾಸ್ಟಿಕ್ ಎನ್ನುವುದಿಲ್ಲ, ಯಾಕೆಂದರೆ ಅದು ಬೇರೆ ಚೀಲದಲ್ಲಿ, ತನ್ನದೇ ಹೆಸರಿನಲ್ಲಿ ಬರುತ್ತದೆ. ಸಾರವರ್ಧಿತ ಕಾಳು ಮಾತ್ರ ಅಕ್ಕಿಯ ವೇಷದಲ್ಲಿ, ಅಕ್ಕಿಯ ನಡುವೆ ಬಂದಿತು.

ಎಷ್ಟು ಬಂದಿತು ಎಂಬುದನ್ನು ಲೆಕ್ಕ ಹಾಕಿದರೆ ಅರ್ಧ ಅನುಮಾನ ಅಲ್ಲೇ ಕರಗುತ್ತದೆ. ನಿಯಮದಂತೆ ನೂರು ಕೆಜಿ ಅಕ್ಕಿಗೆ ಈ ಕಾಳು ಒಂದು ಕೆಜಿ. ಒಂದು ಅಕ್ಕಿಕಾಳು ಸುಮಾರು 20 ಮಿಲಿಗ್ರಾಂ ತೂಗುತ್ತದೆ ಎಂದು ಹಿಡಿದರೆ ಕೆಜಿಗೆ 50,000 ಕಾಳು. ಅದರಲ್ಲಿ 500 ಕಾಳು ಅಚ್ಚಿನದು. ಅಂದರೆ ಕಾಲು ಕೆಜಿ ಅಕ್ಕಿಯನ್ನು ಮೊರದಲ್ಲಿ ಹರವಿದರೆ ನೂರಿಪ್ಪತ್ತೈದರ ಆಸುಪಾಸು ಬೇರೆ ಕಾಳು ಕಾಣಬೇಕು. ಕಂಡರೆ ಅದು ಕಲಬೆರಕೆಯಲ್ಲ, ಬೆರೆಸಬೇಕಾದಷ್ಟು ಬೆರೆಸಿದ್ದಾರೆ ಎಂಬುದರ ಗುರುತು. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2018ರಲ್ಲಿ ಹೊರಡಿಸಿದ ನಿಯಮದ ಪ್ರಕಾರ, ಬೆರೆಸಿದ ಮೇಲೆ ಒಂದು ಕೆಜಿ ಅಕ್ಕಿಯಲ್ಲಿ 28ರಿಂದ 42.5 ಮಿಲಿಗ್ರಾಂ ಕಬ್ಬಿಣ ಇರಬೇಕು. 50 ಕೆಜಿಯ ಇಡೀ ಚೀಲದಲ್ಲಿ ಸೇರಿದ ಕಬ್ಬಿಣ 1.4ರಿಂದ 2.1 ಗ್ರಾಂ ಅಷ್ಟೆ. ಅಚ್ಚಿನ ಕಾಳಿನಲ್ಲೂ ಲವಣದ ಪಾಲು ನೂರಕ್ಕೆ ಎರಡರ ಸುತ್ತಮುತ್ತ, ಉಳಿದ ಬಹುಪಾಲು ಅಕ್ಕಿಹಿಟ್ಟೇ.

ಈಗ ಸಂದೇಶ ಹೇಳುವ ಪರೀಕ್ಷೆಗಳಿಗೆ ಬರೋಣ. ಮೊದಲನೆಯದು ತೇಲುವ ಪರೀಕ್ಷೆ. ಅಕ್ಕಿ ಮುಳುಗುತ್ತದೆ, ಪ್ಲಾಸ್ಟಿಕ್ ತೇಲುತ್ತದೆ ಎಂಬ ನಂಬಿಕೆ ಇದರ ಬುಡ. ಪ್ಲಾಸ್ಟಿಕ್ ಎಂಬುದು ಒಂದೇ ವಸ್ತುವಲ್ಲ. ಹಾಲಿನ ಚೀಲದ ಪಾಲಿಥೀನ್ ನೀರಿಗಿಂತ ಹಗುರ, ತೇಲುತ್ತದೆ. ನೀರಿನ ಕೊಳವೆಯ ಪಿವಿಸಿ ಮುಳುಗುತ್ತದೆ, ತಂಪು ಪಾನೀಯದ ಬಾಟಲಿಯ ಪೆಟ್ ಮುಳುಗುತ್ತದೆ, ಗಟ್ಟಿ ಪಾಲಿಸ್ಟೈರೀನ್ ಕೂಡ ನಿಧಾನವಾಗಿ ಮುಳುಗುತ್ತದೆ. ಇನ್ನು ಅಕ್ಕಿಯ ಕಡೆಯಿಂದ ನೋಡಿ. ಹುಳು ಕೊರೆದು ಒಳಗೆ ಟೊಳ್ಳಾದ ಕಾಳು ತೇಲುತ್ತದೆ, ಬೆಳ್ಳಗೆ ಜೊಳ್ಳುಜೊಳ್ಳಾದ ಕಾಳು ತೇಲುತ್ತದೆ, ಒಣ ಕಾಳಿನ ಮೈಗೆ ಗಾಳಿಯ ಗುಳ್ಳೆ ಅಂಟಿದರೂ ಸ್ವಲ್ಪ ಹೊತ್ತು ಮೇಲೆಯೇ ನಿಲ್ಲುತ್ತದೆ. ಅಕ್ಕಿ ತೊಳೆಯುವಾಗ ಮೊದಲ ನೀರಿನ ಜೊತೆ ಕೆಲವು ಕಾಳು ಹರಿದು ಹೋಗುವುದನ್ನು ನೋಡದ ಅಡುಗೆಮನೆ ಇಲ್ಲ. ಅಚ್ಚಿನ ಕಾಳಿನೊಳಗೆ ಒತ್ತುವಾಗ ಸಿಕ್ಕಿಬಿದ್ದ ಗಾಳಿಯ ಸಣ್ಣ ಸಂದುಗಳಿರುತ್ತವೆ, ಹಾಗಾಗಿ ಅದೂ ತೇಲಬಹುದು. ತೇಲಿದ್ದೆಲ್ಲ ಪ್ಲಾಸ್ಟಿಕ್ ಅಲ್ಲ, ಮುಳುಗಿದ್ದೆಲ್ಲ ಅಕ್ಕಿಯೂ ಅಲ್ಲ ಎಂದಮೇಲೆ ಈ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ.

ಎರಡನೆಯದು ಬೆಂಕಿ. ಅಕ್ಕಿ ಉರಿಯಿತು, ಆದ್ದರಿಂದ ಪ್ಲಾಸ್ಟಿಕ್ ಎನ್ನುತ್ತಾರೆ. ಅಕ್ಕಿಯ ಮುಕ್ಕಾಲು ಭಾಗ ಪಿಷ್ಟ. ಪಿಷ್ಟ ಸೌದೆಯಂತೆ ಉರಿಯುವ ವಸ್ತು. ಅದು ಕಪ್ಪಾಗಿ, ಕರಕಲಾಗಿ, ಸೀದ ವಾಸನೆ ಬಿಟ್ಟು ಬೂದಿಯಾಗುತ್ತದೆ. ಪಾಲಿಥೀನಿನಂಥ ಪ್ಲಾಸ್ಟಿಕ್ ಮೊದಲು ಕರಗಿ, ಎಳೆಯಾಗಿ ಜಗ್ಗಿ, ತೊಟ್ಟಿಕ್ಕುತ್ತದೆ. ಸಂದೇಶದ ಜೊತೆ ಬರುವ ವಿಡಿಯೊಗಳನ್ನು ಸಮಾಧಾನವಾಗಿ ನೋಡಿದರೆ ಹೆಚ್ಚಿನವುಗಳಲ್ಲಿ ಕಾಣುವುದು ಕರಕಲು, ತೊಟ್ಟಿಕ್ಕುವಿಕೆಯಲ್ಲ. ಇದೇ ಬೆಂಕಿಯ ಪರೀಕ್ಷೆಯನ್ನು ಕುರ್‌ಕುರೆ ಎಂಬ ತಿನಿಸಿನ ಮೇಲೂ ಮಾಡಿ ಅದರಲ್ಲೂ ಪ್ಲಾಸ್ಟಿಕ್ ಇದೆ ಎಂದು ಹಬ್ಬಿಸಿದ್ದರು. ಅದು ಮೆಕ್ಕೆಜೋಳ, ಅಕ್ಕಿ, ಬೇಳೆಯ ಹಿಟ್ಟಿನ ಜೊತೆಗೆ ಎಣ್ಣೆ. ಎಣ್ಣೆಯಲ್ಲಿ ಅದ್ದಿದ ಬತ್ತಿ ಉರಿದಂತೆ ಅದು ಉರಿಯುತ್ತದೆ. ಅದನ್ನು ತಯಾರಿಸುವ ಕಂಪನಿ ದೆಹಲಿ ಹೈಕೋರ್ಟಿಗೆ ಹೋಗಿ 2018ರಲ್ಲಿ ಅಂಥ ಪೋಸ್ಟ್‌ಗಳನ್ನು ತಡೆಯುವ ಆದೇಶ ಪಡೆಯಿತು. ನ್ಯಾಯಾಲಯದ ಆದೇಶ ರಸಾಯನಶಾಸ್ತ್ರದ ಪುರಾವೆಯಲ್ಲ, ಅದನ್ನು ಪುರಾವೆಯೆಂದು ನಾನು ಮುಂದಿಡುತ್ತಲೂ ಇಲ್ಲ. ಪುರಾವೆ ಇರುವುದು ಕರಕಲಿಗೂ ಕರಗುವಿಕೆಗೂ ಇರುವ ವ್ಯತ್ಯಾಸದಲ್ಲಿ. ವಿಶಾಖಪಟ್ಟಣದ ಜನ ಪ್ಲಾಸ್ಟಿಕ್ ಎಂಬ ಮಾತಿಗೆ ಬೆಚ್ಚಿದರೆ ಅದಕ್ಕೆ ಕಾರಣವಿದೆ ಎಂಬುದನ್ನೂ ಇಲ್ಲಿ ಹೇಳಬೇಕು. 2020ರ ಮೇ 7ರ ನಸುಕಿನಲ್ಲಿ ಆರ್.ಆರ್. ವೆಂಕಟಾಪುರಂನ ಕಾರ್ಖಾನೆಯಿಂದ ಸೋರಿ ಹನ್ನೆರಡು ಜನರ ಪ್ರಾಣ ತೆಗೆದದ್ದು ಸ್ಟೈರೀನ್, ಪಾಲಿಸ್ಟೈರೀನ್ ತಯಾರಿಸಲು ಬಳಸುವ ಕಚ್ಚಾ ದ್ರವ. ಅಂಥ ಊರಿನಲ್ಲಿ ಭಯವನ್ನು ಹಗುರವಾಗಿ ಕಾಣಲು ಯಾರಿಗೂ ಹಕ್ಕಿಲ್ಲ. ಆದರೆ ಆ ದುರಂತದಿಂದ ಅಕ್ಕಿಯ ಚೀಲಕ್ಕೆ ಯಾವ ದಾರಿಯೂ ಇಲ್ಲ.

ಮೂರನೆಯದು ಪುಟಿಯುವ ಉಂಡೆ ಮತ್ತು ಅದರ ಜೊತೆಗಾರ, ಗಂಜಿಯ ಮೇಲಿನ ಪೊರೆ. ಅಕ್ಕಿ ಬೆಂದಾಗ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ ಅಂಟಾಗುತ್ತವೆ, ಆರಿದಾಗ ಮತ್ತೆ ಬಿಗಿಯುತ್ತವೆ. ಆರಿದ ಅನ್ನವನ್ನು ಗಟ್ಟಿಯಾಗಿ ಒತ್ತಿ ಉಂಡೆ ಮಾಡಿದರೆ ಅದು ರಬ್ಬರಿನಂತೆ ನಡೆದುಕೊಳ್ಳುವುದು ಪಿಷ್ಟದ ಸಹಜ ಗುಣ. ಹೊಸ ಅಕ್ಕಿಯ ಅನ್ನ ಹಳೆ ಅಕ್ಕಿಯದಕ್ಕಿಂತ ಮುದ್ದೆಯಾಗುತ್ತದೆ ಎಂಬುದು ಕೃಷ್ಣಾ ತೀರದ ರೈತರಿಗೂ ತುಂಗಭದ್ರೆಯ ತೀರದವರಿಗೂ ತಿಳಿದ ಮಾತು, ಅಂಥ ಅನ್ನದ ಉಂಡೆ ಇನ್ನೂ ಚೆನ್ನಾಗಿ ಪುಟಿಯುತ್ತದೆ. ಗಂಜಿ ಆರಿ ಒಣಗಿದಾಗ ಪಾತ್ರೆಯ ಅಂಚಿನಿಂದ ತೆಳ್ಳನೆಯ ಹಾಳೆ ಏಳುತ್ತದೆ, ವಿಡಿಯೊದಲ್ಲಿ ಅದನ್ನು ಎಳೆದು ತೋರಿಸಿ ಪ್ಲಾಸ್ಟಿಕ್ ಎನ್ನುತ್ತಾರೆ. ಮಂಗಳಗಿರಿಯ ಹತ್ತಿ ಸೀರೆಗೆ, ನಮ್ಮ ಪಂಚೆಗೆ ಗಂಜಿ ಹಾಕಿ ಗರಿಗರಿ ಮಾಡುತ್ತಿದ್ದದ್ದು ಇದೇ ಹಾಳೆಯಿಂದ, ನೂಲಿನ ಮೇಲೆ ಅದು ಕಾಣದಷ್ಟು ತೆಳುವಾಗಿ ಕೂರುತ್ತದೆ. ಇನ್ನೊಂದು ಬಗೆಯ ವಿಡಿಯೊದಲ್ಲಿ ಯಂತ್ರವೊಂದು ಪ್ಲಾಸ್ಟಿಕ್ ಹಾಳೆಗಳನ್ನು ನುಂಗಿ ಬಿಳಿ ಕಾಳು ಉಗುಳುವುದು ಕಾಣುತ್ತದೆ. ಅದು ನಿಜವಾದ ವಿಡಿಯೊ. ಹಳೆಯ ಪ್ಲಾಸ್ಟಿಕ್ಕನ್ನು ಮರುಬಳಕೆಗೆ ಹರಳು ಮಾಡುವ ಕಾರ್ಖಾನೆಯದು. ಆ ಹರಳು ಬಕೆಟ್ಟು, ಕುರ್ಚಿಗಳಾಗುತ್ತದೆ. ಅಕ್ಕಿಹಿಟ್ಟನ್ನು ಒತ್ತುವ ಯಂತ್ರವೂ ನೋಡಲು ಹೆಚ್ಚುಕಮ್ಮಿ ಹಾಗೆಯೇ ಇರುವುದರಿಂದ ಎರಡೂ ದೃಶ್ಯಗಳು ನೋಡುವವರ ಮನಸ್ಸಿನಲ್ಲಿ ಒಂದಾಗಿಬಿಟ್ಟವು.

ಹಾಗಾದರೆ ಮನೆಯಲ್ಲಿ ಮಾಡಬಹುದಾದ ನಂಬತಕ್ಕ ಪರೀಕ್ಷೆ ಇಲ್ಲವೇ? ಇದೆ, ದಿನವೂ ಎರಡು ಹೊತ್ತು ನಡೆಯುತ್ತದೆ. ಅಕ್ಕಿಯನ್ನು ಬೇಯಿಸುವುದೇ ಆ ಪರೀಕ್ಷೆ. ಪಿಷ್ಟ ಎಪ್ಪತ್ತು ಡಿಗ್ರಿಯ ಆಚೀಚೆಯ ಬಿಸಿಯಲ್ಲಿ ನೀರು ಹೀರಲು ತೊಡಗಿ, ತನ್ನ ತೂಕದ ಎರಡು ಪಟ್ಟು ನೀರನ್ನು ಒಳಗೆಳೆದುಕೊಂಡು, ಬೆರಳಿಗೆ ಮೆತ್ತಗಾಗುತ್ತದೆ. ಪಾಲಿಥೀನ್ ಎಷ್ಟು ಕುದಿಸಿದರೂ ನೀರು ಹೀರುವುದಿಲ್ಲ. ತೆರೆದ ಪಾತ್ರೆಯ ನೂರು ಡಿಗ್ರಿಯಲ್ಲಿ ಅದು ಹಾಗೆಯೇ ಗಟ್ಟಿ ಕಾಳಾಗಿ ಉಳಿಯುತ್ತದೆ, ಕುಕ್ಕರಿನ 120 ಡಿಗ್ರಿಯಲ್ಲಿ ಚೀಲದ ಬಗೆಯದಾದರೆ ಕರಗಿ ಒಂದೇ ಗಡ್ಡೆಯಾಗಿ ತಳಕ್ಕೆ ಅಂಟುತ್ತದೆ. ಅರಳಿ ಅನ್ನವಾದದ್ದು ಪ್ಲಾಸ್ಟಿಕ್ ಅಲ್ಲ. ಅನುಮಾನ ಇನ್ನೂ ಉಳಿದರೆ ಔಷಧದ ಅಂಗಡಿಯ ಟಿಂಕ್ಚರ್ ಅಯೋಡಿನ್ನಿನ ಒಂದು ಹನಿಯನ್ನು ನೀರಿನಲ್ಲಿ ತೆಳು ಮಾಡಿ, ಬೇರೆ ಕಂಡ ಕಾಳನ್ನು ಪುಡಿ ಮಾಡಿ ಅದರ ಮೇಲೆ ಹಾಕಿ. ಪಿಷ್ಟವಿದ್ದರೆ ಕಡು ನೀಲಿಗೆ ತಿರುಗುತ್ತದೆ. ಹೊಲದ ಕಾಳೂ ತಿರುಗುತ್ತದೆ, ಅಚ್ಚಿನ ಕಾಳೂ ತಿರುಗುತ್ತದೆ. ಪರೀಕ್ಷೆ ಮಾಡಿದ ಅಕ್ಕಿಯನ್ನು ಎಸೆಯಬೇಕು, ತಿನ್ನಬಾರದು. ಇದರ ಮಿತಿಯನ್ನೂ ಹೇಳಿಬಿಡುತ್ತೇನೆ. ಪಿಷ್ಟ ಇದೆ ಎಂದಷ್ಟೇ ಅಯೋಡಿನ್ ಹೇಳುತ್ತದೆ, ಜೊತೆಗೆ ಬೇರೇನೂ ಇಲ್ಲ ಎಂದು ಹೇಳಲಾರದು. ಅದನ್ನು ಹೇಳಬಲ್ಲದ್ದು ಪ್ರಯೋಗಾಲಯ ಮಾತ್ರ.

ಪರೀಕ್ಷೆಗಳನ್ನು ಬದಿಗಿಟ್ಟು ವ್ಯಾಪಾರಿಯ ತಲೆಯಿಂದಲೂ ಯೋಚಿಸಬಹುದು. ಕಲಬೆರಕೆ ಮಾಡುವವನು ದುಬಾರಿ ವಸ್ತುವಿಗೆ ಅಗ್ಗದ್ದನ್ನು ಸೇರಿಸುತ್ತಾನೆ. ಹಾಲಿಗೆ ನೀರು, ಅಕ್ಕಿಗೆ ಕಲ್ಲು, ನುಚ್ಚು, ಹಳೆಯ ದಾಸ್ತಾನು. ಸರ್ಕಾರಕ್ಕೆ ಒಂದು ಕೆಜಿ ಅಕ್ಕಿ ಬೀಳುವ ಖರ್ಚು ನಲವತ್ತು ರೂಪಾಯಿಯ ಆಸುಪಾಸು. ಹೊಸ ಪ್ಲಾಸ್ಟಿಕ್ ಹರಳಿನ ಬೆಲೆ ಅದರ ಎರಡು ಪಟ್ಟಿಗೂ ಮೇಲೆ. ನಲವತ್ತರ ವಸ್ತುವಿಗೆ ನೂರರ ಹತ್ತಿರದ್ದನ್ನು ಬೆರೆಸಿ ಯಾರಿಗೆ ಲಾಭ? ಪಡಿತರದ ಅಕ್ಕಿಯಲ್ಲಿ ಮೋಸವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. 2024ರ ನವೆಂಬರಿನಲ್ಲಿ ಕಾಕಿನಾಡ ಬಂದರಿನಲ್ಲಿ ಸ್ಟೆಲ್ಲಾ ಎಲ್ ಎಂಬ ಹಡಗಿನಲ್ಲಿ ಪಡಿತರದ ಅಕ್ಕಿ ಪತ್ತೆಯಾಗಿ, ಉಪಮುಖ್ಯಮಂತ್ರಿ ಪವನ್ ಕಲ್ಯಾಣ್ ಅಲ್ಲಿಗೆ ಹೋಗಿ ನಿಂತದ್ದು ಎಲ್ಲರ ನೆನಪಿನಲ್ಲಿದೆ. ಬಡವರ ಅಕ್ಕಿಯನ್ನು ಅಗ್ಗಕ್ಕೆ ಕೊಂಡು, ಪಾಲಿಷ್ ಮಾಡಿ, ಕಡಲಾಚೆಗೆ ಮಾರುವುದು ಇಲ್ಲಿನ ನಿಜವಾದ ದಂಧೆ. ಆ ದಂಧೆ ನಡೆಯುವುದು ಅಕ್ಕಿಗೆ ಬೆಲೆಯಿರುವುದರಿಂದ, ಆ ಅಕ್ಕಿ ಅಸಲಿಯಾಗಿರುವುದರಿಂದ. ‘ಇದು ಪ್ಲಾಸ್ಟಿಕ್, ತಿನ್ನಬೇಡಿ’ ಎಂಬ ಸುದ್ದಿಯನ್ನು ನಂಬಿ ತನ್ನ ಪಾಲಿನ ಅಕ್ಕಿಯನ್ನು ಹತ್ತೋ ಹದಿನೈದೋ ರೂಪಾಯಿಗೆ ಬೀದಿಯ ದಲ್ಲಾಳಿಗೆ ಕೊಟ್ಟುಬಿಡುವ ಮನೆ ಆ ದಂಧೆಗೇ ನೆರವಾಗುತ್ತದೆ. ಸುದ್ದಿಯಿಂದ ಆಗುವ ಹಾನಿಯಲ್ಲಿ ನನಗೆ ಹೆಚ್ಚು ನೋವು ಕೊಡುವುದು ಇದು.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಮೊದಲನೆಯದು: ಅಕ್ಕಿ ಕೊಡುವುದೂ ಸರ್ಕಾರ, ಪರೀಕ್ಷಿಸುವುದೂ ಸರ್ಕಾರ, ನಂಬುವುದು ಹೇಗೆ? ನ್ಯಾಯವಾದ ಪ್ರಶ್ನೆ. ಉತ್ತರ ಕಾನೂನಿನಲ್ಲಿದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 40ನೇ ಕಲಮು ಕೊಂಡವನಿಗೇ ಹಕ್ಕು ಕೊಟ್ಟಿದೆ. ತಾನು ಕೊಂಡ ಆಹಾರವನ್ನು ಆತ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು, ವರದಿ ಪಡೆಯಬಹುದು. ವರದಿಗೆ ಕಾಯ್ದೆ ಕೊಟ್ಟ ಅವಧಿ ಹದಿನಾಲ್ಕು ದಿನ. ಇಷ್ಟು ವರ್ಷ, ಇಷ್ಟು ರಾಜ್ಯಗಳಲ್ಲಿ, ಇಷ್ಟು ದೇಶಗಳಲ್ಲಿ ಓಡಾಡಿದ ಸಂದೇಶದ ಜೊತೆ ಇಂಥ ಒಂದೇ ಒಂದು ವರದಿಯನ್ನೂ ಲಗತ್ತಿಸಿ ಕಳಿಸಿದ್ದನ್ನು ನಾನು ಕಂಡಿಲ್ಲ. ಅದರಲ್ಲಿ ದಿನಾಂಕವಿಲ್ಲ, ಅಂಗಡಿಯ ಸಂಖ್ಯೆಯಿಲ್ಲ, ಚೀಲದ ಬ್ಯಾಚ್ ಸಂಖ್ಯೆಯಿಲ್ಲ. ಕಳಿಸಿದವರಿಗೆ ದುರುದ್ದೇಶವಿದೆ ಎನ್ನಲಾರೆ, ಬಹುಪಾಲು ಜನ ತಮ್ಮವರ ಮೇಲಿನ ಕಾಳಜಿಯಿಂದಲೇ ಕಳಿಸುತ್ತಾರೆ. ಕಾಳಜಿ ಇರುವವರು ಆ ಮೂರು ವಿವರಗಳನ್ನೂ ಕೇಳಬೇಕು.

ಎರಡನೆಯ ಆಕ್ಷೇಪ ತೂಕವಿರುವಂಥದ್ದು. ಪ್ಲಾಸ್ಟಿಕ್ ಅಲ್ಲ, ಸರಿ. ಆದರೆ ಕೇಳದೆ ಎಲ್ಲರಿಗೂ ಕಬ್ಬಿಣ ತಿನ್ನಿಸುವುದು ಸುರಕ್ಷಿತವೇ? ಥಲಸ್ಸೇಮಿಯಾ ಇರುವವರ ದೇಹದಲ್ಲಿ ಕಬ್ಬಿಣ ಹೆಚ್ಚಾಗಿ ಕೂಡುತ್ತದೆ, ಕುಡಗೋಲು ಕಣದ ರಕ್ತಹೀನತೆ ಪಾಡೇರಿನ ಬೆಟ್ಟಗಳ ಗಿರಿಜನರಲ್ಲಿ ಇದೆ. 2018ರ ನಿಯಮವೇ ಕಬ್ಬಿಣ ಬೆರೆಸಿದ ಆಹಾರದ ಪೊಟ್ಟಣದ ಮೇಲೆ ಈ ರೋಗಿಗಳಿಗೆ ಎಚ್ಚರಿಕೆಯ ಸಾಲು ಇರಬೇಕೆಂದು ಹೇಳಿತ್ತು. ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಆಮೇಲೆ ತಜ್ಞರ ಸಮಿತಿಯೊಂದು ಪುರಾವೆಗಳನ್ನು ನೋಡಿ, ಆ ಸಾಲಿಗೆ ಆಧಾರವಿಲ್ಲವೆಂದು ಹೇಳಿ, 2024ರಲ್ಲಿ ಅದನ್ನು ತೆಗೆಯಲಾಯಿತು. ಇಲ್ಲಿ ಒಂದು ಲೆಕ್ಕ ಸಹಾಯಕ್ಕೆ ಬರುತ್ತದೆ. ತಲೆಗೆ ತಿಂಗಳಿಗೆ ಐದು ಕೆಜಿ ಪಡಿತರದ ಅಕ್ಕಿ ತಿಂದರೆ ಅದರಲ್ಲಿ ಸೇರಿಸಿದ ಕಬ್ಬಿಣ 140ರಿಂದ 212 ಮಿಲಿಗ್ರಾಂ, ಅದರಲ್ಲಿ ಕರುಳು ಹೀರುವುದು ಸಣ್ಣ ಪಾಲು. ಥಲಸ್ಸೇಮಿಯಾ ರೋಗಿಗೆ ಕೊಡುವ ಒಂದೇ ಬಾಟಲಿ ರಕ್ತದಲ್ಲಿ 200 ಮಿಲಿಗ್ರಾಮಿಗೂ ಹೆಚ್ಚು ಕಬ್ಬಿಣವಿದೆ, ಅದಷ್ಟೂ ನೇರವಾಗಿ ಮೈಸೇರುತ್ತದೆ. ಭಾರ ಎಲ್ಲಿಂದ ಬರುತ್ತದೆ ಎಂಬುದು ಇದರಿಂದ ಸ್ಪಷ್ಟ. ಆದರೂ ಮನೆಯಲ್ಲಿ ಅಂಥ ರೋಗಿಯಿದ್ದರೆ ಚಿಕಿತ್ಸೆ ನೀಡುವ ವೈದ್ಯರನ್ನು ಕೇಳಿಯೇ ನಡೆಯಬೇಕು, ಎಚ್ಚರಿಕೆಯ ಸಾಲನ್ನು ತೆಗೆದದ್ದು ಅವಸರವಾಯಿತೆಂದು ವಾದಿಸುವವರ ಮಾತನ್ನೂ ಕೇಳಬೇಕು. ಪ್ಲಾಸ್ಟಿಕ್ಕಿನ ಗದ್ದಲ ಈ ರೋಗಿಗಳ ದನಿಯನ್ನೇ ಮುಳುಗಿಸಿತು.

ಇನ್ನೊಂದು ಪ್ರಶ್ನೆ, ಇದರಿಂದ ಉಪಯೋಗವಾದರೂ ಆಗುತ್ತದೆಯೇ ಎಂಬುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಆಂಧ್ರದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 58.8 ಮಂದಿಗೆ ರಕ್ತಹೀನತೆ ಇದೆ, ಕರ್ನಾಟಕದಲ್ಲಿ ಶೇ. 47.8. ವಯಸ್ಕ ಹೆಂಗಸಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕೆಂದು ರಾಷ್ಟ್ರೀಯ ಪೋಷಣೆ ಸಂಸ್ಥೆ 2020ರಲ್ಲಿ ಹೇಳಿದೆ. ಈ ಅಕ್ಕಿಯಿಂದ ದಿನಕ್ಕೆ ಸಿಗುವುದು ಐದರಿಂದ ಏಳು ಮಿಲಿಗ್ರಾಂ. ಏನೂ ಇಲ್ಲವೆನ್ನುವಂತಿಲ್ಲ, ಸಾಕೆನ್ನುವಂತೆಯೂ ಇಲ್ಲ. ಜಗತ್ತಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2019ರ ಕಾಕ್ರನ್ ಸಮೀಕ್ಷೆ, ಇಂಥ ಅಕ್ಕಿಯಿಂದ ದೇಹದ ಕಬ್ಬಿಣದ ಸಂಗ್ರಹ ಸುಧಾರಿಸಬಹುದು, ಆದರೆ ರಕ್ತಹೀನತೆಯ ಪ್ರಮಾಣದಲ್ಲಿ ಹೆಚ್ಚಿನ ವ್ಯತ್ಯಾಸ ಆಗದಿರಬಹುದು ಎಂಬ ತೀರ್ಮಾನಕ್ಕೆ ಬಂದಿತು. ಈ ಯೋಜನೆಯ ಪರವಾಗಿ ನಾನು ಇಲ್ಲಿ ವಕಾಲತ್ತು ವಹಿಸಲು ನಿಂತಿಲ್ಲ. ಹಣಕ್ಕೆ ತಕ್ಕ ಫಲ ಬರುತ್ತದೆಯೇ, ಸೊಪ್ಪು, ಬೇಳೆ, ಮೊಟ್ಟೆಗಳಿಗೆ ಅದೇ ಹಣವನ್ನು ಹಾಕಬಹುದಿತ್ತೇ ಎಂದು ಕೇಳುವವರು ನನ್ನ ದೃಷ್ಟಿಯಲ್ಲಿ ಸರಿಯಾದ ಪ್ರಶ್ನೆ ಕೇಳುತ್ತಿದ್ದಾರೆ. ಆ ಪ್ರಶ್ನೆಯನ್ನು ಕೇಳಲು ಕಾಳು ಪ್ಲಾಸ್ಟಿಕ್ ಆಗಿರಬೇಕಿಲ್ಲ.

ಕೊನೆಗೆ, ಚೀಲದಲ್ಲಿ ನಿಜವಾದ ದೋಷ ಇದ್ದರೆ ತಿಳಿಯುವುದು ಹೇಗೆ ಎಂಬ ಮಾತು. ಸಾರವರ್ಧಿತ ಅಕ್ಕಿಯ ಚೀಲದ ಮೇಲೆ ‘ಪ್ಲಸ್ ಎಫ್’ ಗುರುತು, ಗಿರಣಿಯ ಹೆಸರು, ಬ್ಯಾಚ್ ಸಂಖ್ಯೆ, ಹದಿನಾಲ್ಕು ಅಂಕಿಯ ಪರವಾನಗಿ ಸಂಖ್ಯೆ ಇರಬೇಕು. ಅಂಗಡಿಯಲ್ಲಿ ಅಕ್ಕಿಯನ್ನು ಚಿಲ್ಲರೆಯಾಗಿ ಅಳೆದು ಕೊಡುವುದರಿಂದ ಇವು ನಿಮ್ಮ ಕೈಗೆ ಬರುವುದಿಲ್ಲ, ಕೇಳಿ ನೋಡಬೇಕು. ಮುಗ್ಗಲು ವಾಸನೆ, ಹುಳು, ಒದ್ದೆಯ ಗಂಟು, ಅಚ್ಚಿನ ಕಾಳು ಒಂದೇ ಕಡೆ ಹಿಡಿಗಟ್ಟಲೆ ಸಿಗುವುದು, ಅಥವಾ ಉಳಿದ ಅನ್ನ ಬೆಂದರೂ ಆ ಕಾಳು ಮಾತ್ರ ಗಟ್ಟಿಯಾಗಿ ಉಳಿಯುವುದು, ಇವು ದೂರು ಕೊಡಬೇಕಾದ ಲಕ್ಷಣಗಳು. ಕೊನೆಯ ಎರಡು, ಬೆರೆಸುವಲ್ಲಿ ಅಥವಾ ಕಾಳು ತಯಾರಿಸುವಲ್ಲಿ ಆದ ಲೋಪವನ್ನು ತೋರಿಸುತ್ತವೆ. ಅಂಥ ಸಂದರ್ಭದಲ್ಲಿ ಹಿಡಿ ಅಕ್ಕಿಯನ್ನು ಒಣ ಡಬ್ಬಿಯಲ್ಲಿ ತೆಗೆದಿಟ್ಟು, ಕೊಂಡ ದಿನ, ಅಂಗಡಿಯ ಸಂಖ್ಯೆ, ಬ್ಯಾಚ್ ಸಂಖ್ಯೆ ಬರೆದುಕೊಂಡು, ಪಡಿತರದ ಸಹಾಯವಾಣಿ 1967ಕ್ಕೆ ಕರೆ ಮಾಡಿ. ದೋಷವಿಲ್ಲದ ಚೀಲದಿಂದ ಬೇರೆ ಕಂಡ ಕಾಳನ್ನು ಮಾತ್ರ ದಯವಿಟ್ಟು ಆರಿಸಿ ಎಸೆಯಬೇಡಿ. ಕಬ್ಬಿಣವಿರುವುದು ಆ ಕಾಳಿನಲ್ಲಿ.